ಮೊಸರಲ್ಲಿ ಕಲ್ಲು: ಗಾದೆ ಹುಡುಕಿದ ನನ್ನ ಅನುಭವ

ಗಾದೆ ಕೇಳೋಕೆ ಹೋಗಬೇಡಿ, ಅವರೆಕಾಳು ಹಿಸುಕೋಕೆ ಹೋಗಿ ಅಂತ ನಾನು ಹೇಳಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ದಿನಕ್ಕೆ ಎರಡೋ ಮೂರೋ ಸಿಕ್ಕರೆ ಸಂಗ್ರಹ ಮುಗಿಯೋದು ಯಾವಾಗ ಅಂದರು. ಎರಡು ಚಳಿಗಾಲ ಕಳೆದು ಈಗ ನನ್ನ ಹತ್ತಿರ ಸುಮಾರು ನಲವತ್ತು ಚೀಟಿ ಇವೆ, ಅಷ್ಟೇ. ಆದರೆ ಒಂದೊಂದರಲ್ಲೂ ಯಾರು, ಯಾರಿಗೆ, ಏನು ನಡೆದ ಮೇಲೆ ಹೇಳಿದರು ಅನ್ನೋದು ಇದೆ. ಗಂಡ ಹೆಂಡಿರ ಗಾದೆಗಳನ್ನ ಹೀಗೆ ಬರೆದಿಟ್ಟವರನ್ನ ನಮ್ಮ ಕಡೆ ನಾನಿನ್ನೂ ನೋಡಿಲ್ಲ.

ಮೊದಲು ನಾನೂ ಎಲ್ಲರ ಹಾಗೇ ಪುಸ್ತಕ ಹಿಡಿದು ಪಾಂಡವಪುರದ ಕಡೆ ಮನೆಮನೆ ಸುತ್ತಿದೆ. 'ಮದುವೆ ಬಗ್ಗೆ ಗಾದೆ ಹೇಳಿ' ಅಂದರೆ ಎಲ್ಲರೂ 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅನ್ನೋರು. ಆಮೇಲೆ ಗಾದೆಗೆ ಹತ್ತು ರೂಪಾಯಿ ಕೊಟ್ಟು ನೋಡಿದೆ. ಅದು ದೊಡ್ಡ ತಪ್ಪು. ಒಂದೇ ಮಧ್ಯಾಹ್ನ ಅರವತ್ತು ಎಪ್ಪತ್ತು ಗಾದೆ ಬಂದವು, ಅರ್ಧಕ್ಕರ್ಧ ಅಲ್ಲೇ ಕಟ್ಟಿದ್ದು. ಗೊತ್ತಾಗಿದ್ದು ಹೇಗೆ ಅಂದರೆ, ಎರಡು ದಿನ ಬಿಟ್ಟು ಕೇಳಿದಾಗ ಹೇಳಿದವರಿಗೇ ನೆನಪಿರಲಿಲ್ಲ. ಗಾದೆಗೆ ಕೊಟ್ಟದ್ದು, ಬಸ್ಸು, ರೆಕಾರ್ಡರ್ ಎಲ್ಲಾ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯ್ತು, ಉಳಿದದ್ದು ಏನೂ ಇಲ್ಲ.

ಅವರೆಕಾಯಿ ಕಾಲ ಬಂದಾಗ ದಾರಿ ಸಿಕ್ಕಿತು. ರಾತ್ರಿ ನೆನೆಸಿದ ಕಾಳನ್ನ ಬೆಳಿಗ್ಗೆ ಜಗಲಿ ಮೇಲೆ ನಾಲ್ಕೈದು ಹೆಂಗಸರು ಕೂತು ಹಿಸುಕ್ತಾರೆ. ಕೈ ತಾನಾಗೇ ಓಡ್ತಿರುತ್ತೆ, ಬಾಯಿ ಖಾಲಿ. ನಾನೂ ಒಂದು ಬೋಗುಣಿ ಹಿಡಿದು ಕೂತೆ. ಪುಸ್ತಕ ತೆಗೆಯಲ್ಲ, ಪ್ರಶ್ನೆ ಕೇಳಲ್ಲ. ಸಂಜೆ ಬಸ್ಸಲ್ಲಿ ಕೂತು ಬರೆಯೋದು. ಖರ್ಚು ಅಂದರೆ ಕಾಫಿಪುಡಿ, ಎಲೆ ಅಡಿಕೆ. ಯಾರೂ ಗಾದೆ ಆಡದಿದ್ದರೆ ನಾನೇ ಒಂದನ್ನ ತಪ್ಪಾಗಿ ಹೇಳ್ತೀನಿ, ತಿದ್ದೋಕೆ ಮೂರು ಜನ ಬರ್ತಾರೆ. ಅತ್ತೆ ಎದುರಿಗೇ ಸೊಸೆ ಬಾಯಿ ಬಿಡೋ ಹಾಗೆ ಮಾಡೋಕೆ ಇನ್ನೊಂದು ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ.

ಒಂದು ಬೆಳಿಗ್ಗೆ ನಡೆದದ್ದು ಹೇಳ್ತೀನಿ. ಆ ಮನೆ ಅಜ್ಜಿಯ ಮೊಮ್ಮಗಳು ಗಂಡನ ಮನೆಯಿಂದ ಬಂದಿದ್ದಳು. ಸಾರಿಗೆ ಉಪ್ಪು ಜಾಸ್ತಿ ಅಂತಾನೆ, ಮುದ್ದೆ ಗಂಟು ಅಂತಾನೆ, ನಿನ್ನೆ ತಟ್ಟೆ ಬಿಟ್ಟು ಎದ್ದುಹೋದ ಅಂದಳು. ಅವಳ ತಾಯಿ ತಲೆ ಎತ್ತದೆ, 'ಗಂಡ ಹೆಂಡ್ರ ಜಗಳ ಉಂಡು ಮಲಗೋಗಂಟ' ಅಂದರು. ನಾಳೆ ಹೊರಡು ಅನ್ನೋ ಅರ್ಥದಲ್ಲಿ. ಅಜ್ಜಿ ಕೈಯಲ್ಲಿದ್ದ ಕಾಳು ಹಾಗೇ ನಿಂತಿತು. 'ಉಂಡಿಲ್ಲ ಅಂತಾವಳಲ್ಲವ್ವ. ಒಲ್ಲದ ಗಂಡಂಗೆ ಮೊಸರಲ್ಲಿ ಕಲ್ಲು' ಅಂದರು. ಯಾರೂ ಮಾತಾಡಲಿಲ್ಲ.

ಈ ಗಾದೆ ನನ್ನ ಹಳೇ ಪುಸ್ತಕದಲ್ಲೂ ಇತ್ತು. ಹೆಂಡತಿ ತನಗೆ ಬೇಡದ ಗಂಡನಿಗೆ ಕಲ್ಲು ಹಾಕಿ ಬಡಿಸ್ತಾಳೆ ಅಂತ ಅರ್ಥ ಬರೆದಿದ್ದೆ. ಬೇಕಂತಲೇ ಅಜ್ಜಿ ಮುಂದೆ ಅದೇ ಅರ್ಥ ಹೇಳಿದೆ. 'ಇಲ್ಲ ಕಣವ್ವ, ಅಕ್ಕೀಲಿ ಕಲ್ಲಿರ್ತದೆ, ರಾಗೀಲಿ ಕಲ್ಲಿರ್ತದೆ. ಮೊಸರಿಗೆ ಎಲ್ಲಿಂದ ಬತ್ತದೆ?' ಅಂದರು. ಅಂದರೆ ಒಲ್ಲದವನು ಗಂಡ. ಮನಸ್ಸಿಲ್ಲದವನಿಗೆ ಕಲ್ಲೇ ಇರೋಕಾಗದ ಕಡೆ ಕಲ್ಲು ಕಾಣುತ್ತೆ.

ಪುಸ್ತಕದಲ್ಲಿ ಈ ಎರಡೂ ಗಾದೆ 'ದಾಂಪತ್ಯ' ಅಂತ ಒಂದೇ ಪುಟದಲ್ಲಿ ಕೂರುತ್ತವೆ. ಜಗಲಿ ಮೇಲೆ ಒಂದು ಇನ್ನೊಂದಕ್ಕೆ ಎದುರು ನಿಂತಿತು. ತಾಯಿಯ ಗಾದೆ ಜಗಳವನ್ನ ಚಿಕ್ಕದು ಮಾಡಿತು, ಅಜ್ಜಿಯ ಗಾದೆ ಅವನಿಗೆ ಒಲವು ಇದೆಯಾ ಅಂತ ಕೇಳಿತು. ನಮ್ಮ ಕಡೆ ಗಾದೆಯಲ್ಲಿ ಒಲವು ಇಲ್ಲ, ಬರೀ ಸಂಸಾರ ಇದೆ ಅನ್ನೋರಿಗೆ ನಾನು ಈ ಚೀಟಿ ತೋರಿಸ್ತೀನಿ. 'ಒಲ್ಲೆ' ಅನ್ನೋ ಮಾತಿನ ಬೇರೂ 'ಒಲವು' ಅನ್ನೋದರ ಬೇರೂ ಒಂದೇ ಅಲ್ವಾ. ಹಳೇ ಹೆಂಗಸರು ಪ್ರೀತಿ ಇದೆ ಅಂತ ಬಾಯಿಬಿಟ್ಟು ಹೇಳಲ್ಲ, ಇಲ್ಲದಾಗ ಹೇಳ್ತಾರೆ, ಅದನ್ನೂ ಊಟದ ತಟ್ಟೆ ನೋಡಿ ಅಳೀತಾರೆ.

ನಡುವೆ ಸುಮ್ನೆ ಅರಳಿಕಟ್ಟೆಯ ಗಂಡಸರ ಜೊತೆಯೂ ಕೂತು ನೋಡಿದೆ. ಹೋದಲ್ಲೆಲ್ಲಾ ಮೊದಲು ಬಂದದ್ದು 'ಒಲಿದರೆ ನಾರಿ, ಮುನಿದರೆ ಮಾರಿ'. ಜಗಲಿಯಲ್ಲಿ ಒಬ್ಬ ಹೆಂಗಸೂ ಇದನ್ನ ಆಡಿದ್ದು ನಾನು ಕೇಳಿಲ್ಲ. ಇನ್ನು ಮೈಸೂರಲ್ಲಿ ಕಾಲೇಜು ಹುಡುಗಿಯರನ್ನ ಕೇಳಿದರೆ 'ಪ್ರೀತಿ ಕುರುಡು' ಅಂದರು. ಅದು ಬೇರೆ ಕಡೆಯಿಂದ ಬಂದ ಮಾತು, ಚೀಟಿಗೆ ಸೇರಿಸಲಿಲ್ಲ.

ಮೊಮ್ಮಗಳನ್ನ ಅಜ್ಜಿ ಸಂಕ್ರಾಂತಿ ತನಕ ಕಳಿಸಲಿಲ್ಲ. ಅವನೇ ಬರಲಿ ಅಂದರಂತೆ. ಬಂದ. ಹಬ್ಬದ ಊಟಕ್ಕೆ ಕೂರಿಸಿ, ಕೊನೆಗೆ ಮೊಮ್ಮಗಳ ಕೈಯಿಂದಲೇ ಮೊಸರು ಬಡಿಸಿ, ಅಜ್ಜಿ ಎದುರಿಗೇ ಕೂತು ಅವನ ಮುಖ ನೋಡ್ತಿದ್ದರಂತೆ. ಎರಡು ಸಲ ಹಾಕಿಸಿಕೊಂಡ ಅಂತ ಆಮೇಲೆ ನನಗೆ ಅವರೇ ಹೇಳಿದರು.