ಪರಿಹಾರದಲ್ಲಿ ಪಾಲು ಕೇಳಿದರೆ ಒಪ್ಪಬೇಡಿ

ವಿಜಯಪುರ ಕಡೆಯಿಂದ ಪುಣೆಗೆ ದುಡಿಯಲು ಬಂದ ಒಂದು ಕುಟುಂಬ ಅಂದುಕೊಳ್ಳಿ. ಲಾರಿ ಬಡಿದು ಯಜಮಾನ ತೀರಿಕೊಂಡಿದ್ದಾನೆ. ಆಸ್ಪತ್ರೆ ಬಾಗಿಲಲ್ಲೇ ಒಬ್ಬ ವಕೀಲರು ಹೆಂಡತಿಗೆ ಹೇಳುತ್ತಾರೆ: "ಅಕ್ಕಾ, ಈಗ ಒಂದು ಪೈಸೆ ಬೇಡ. ಪರಿಹಾರ ಬಂದ ಮೇಲೆ ನೂರಕ್ಕೆ ಇಪ್ಪತ್ತು ಕೊಡಿ ಸಾಕು." ಕೈಯಲ್ಲಿ ದುಡ್ಡಿಲ್ಲದವರಿಗೆ ಇದು ಉಪಕಾರದಂತೆ ಕಾಣುತ್ತದೆ, ಅಲ್ವಾ? ಆದರೆ ಹತ್ತು ಲಕ್ಷ ಬಂದರೆ ಎರಡು ಲಕ್ಷ ಹೋಯಿತು. ಗೆಲುವಿನ ಮೇಲೆ ಫೀಸು ಗೊತ್ತು ಮಾಡುವುದನ್ನೂ ಬಂದ ಹಣದಲ್ಲಿ ಪಾಲು ಕೇಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ.

ಮೊದಲು ಪುಣೆಯ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ನೀವೇ ವಕೀಲರನ್ನು ಹುಡುಕುವುದಾದರೆ, ಅವರು ಈಗ ನಡೆಸುತ್ತಿರುವ ಒಂದೆರಡು ಅಪಘಾತ ಪ್ರಕರಣಗಳ ಸಂಖ್ಯೆ ಕೇಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಿಂದಿನ ದಿನಾಂಕಗಳಲ್ಲಿ ಏನಾಯಿತು ಎಂದು ನೋಡಬಹುದು. ಸುಮ್ನೆ ಮುಂದೂಡಿಕೆಯೇ ಜಾಸ್ತಿ ಇದ್ದರೆ ಕಾರಣ ಕೇಳಿ.

ಫೀಸಿನ ಮಾತು ಕಾಗದದ ಮೇಲೆ ಬರಲಿ. ಒಟ್ಟು ಮೊತ್ತ ಎಷ್ಟು, ಅರ್ಜಿ ಹಾಕುವಾಗ ಎಷ್ಟು, ಸಾಕ್ಷಿ ಮತ್ತು ವಾದದ ಹಂತದಲ್ಲಿ ಎಷ್ಟು ಎಂದು ಬರೆಸಿ. ಟೈಪಿಂಗ್, ನಕಲು ಪ್ರತಿಯ ಖರ್ಚು ಅದರಲ್ಲೇ ಸೇರಿದೆಯೋ ಬೇರೆಯೋ? ವಿಮಾ ಕಂಪನಿ ಹೈಕೋರ್ಟಿಗೆ ಹೋದರೆ ಆ ಫೀಸು ಬೇರೆಯೋ? ಇದೂ ಇರಲಿ. ಹಣ ಕೊಟ್ಟಾಗಲೆಲ್ಲ ರಸೀದಿ ತೆಗೆದುಕೊಳ್ಳಿ. ಪರಿಹಾರ ನಿಮ್ಮ ಖಾತೆಗೇ ಬರಲಿ. ಖಾಲಿ ಚೆಕ್ಕಿಗೆ, ಖಾಲಿ ಕಾಗದಕ್ಕೆ ಸಹಿ ಬೇಡವೇ ಬೇಡ. ವಕಾಲತ್ತು ಮರಾಠಿಯಲ್ಲಿದ್ದರೆ ಓದಿಸಿಕೊಂಡೇ ಸಹಿ ಮಾಡಿ.

ವಕೀಲರನ್ನು ಬದಲಿಸಬೇಕೆನಿಸಿದರೆ ಹಳೆಯವರಿಂದ ಒಪ್ಪಿಗೆ ಪತ್ರ ಕೇಳಿ. ಅವರು ಕೊಡದಿದ್ದರೆ ಹೊಸ ವಕೀಲರು ನ್ಯಾಯಾಲಯದ ಅನುಮತಿ ಕೇಳಬಹುದು. ಫೀಸು ಬಾಕಿ ಇದೆ ಎಂದು ನಿಮ್ಮ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಹೇಳಿದೆ.

ಇನ್ನು ದೂರು. ಗ್ರಾಹಕ ನ್ಯಾಯಾಲಯಕ್ಕೆ ಹೋಗಿ ಪ್ರಯೋಜನವಿಲ್ಲ. ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ದೂರು ಹೋಗಬೇಕಾದ್ದು ಮುಂಬೈಯಲ್ಲಿರುವ ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತಿಗೆ. ನಮ್ಮವರು ಎಡವುವುದು ಇಲ್ಲೇ: ಕನ್ನಡದಲ್ಲಿ ಬರೆದುಕೊಂಡು ಹೋಗುತ್ತಾರೆ. ದೂರು ಇಂಗ್ಲಿಷ್, ಹಿಂದಿ ಅಥವಾ ಆ ರಾಜ್ಯದ ಭಾಷೆಯಲ್ಲಿರಬೇಕು. ಸಹಿ, ಬರೆದದ್ದು ನಿಜ ಎಂಬ ಸತ್ಯಾಪನೆ, ನಿಗದಿತ ಶುಲ್ಕ ಬೇಕು. ಜೊತೆಗೆ ಫೀಸಿನ ಕಾಗದ, ರಸೀದಿ, ವಾಟ್ಸಾಪ್ ಸಂದೇಶಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಕೊಡಿ. ಕೇಸು ಸೋತಿತು ಎಂಬುದೊಂದೇ ದುರ್ನಡತೆಯಲ್ಲ. ಹಣದ ಲೆಕ್ಕ ಕೊಡದಿರುವುದು, ಪಾಲು ಕೇಳಿದ್ದು ದೂರಿಗೆ ತಕ್ಕ ವಿಷಯ. ಪರಿಷತ್ತು ಛೀಮಾರಿ ಹಾಕಬಹುದು, ವಕೀಲಿಕೆ ಮಾಡುವ ಸನದು ಅಮಾನತು ಮಾಡಬಹುದು, ಪಟ್ಟಿಯಿಂದಲೇ ಹೆಸರು ತೆಗೆಯಬಹುದು. ದೂರು ಒಂದು ವರ್ಷದಲ್ಲಿ ಮುಗಿಯದಿದ್ದರೆ ಅದು ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗಬೇಕು. ಹಾಗಾಗಿ ದೂರು ಸ್ವೀಕರಿಸಿದ ದಿನಾಂಕದ ಮೊಹರನ್ನು ನಿಮ್ಮ ಪ್ರತಿಯ ಮೇಲೆ ಹಾಕಿಸಿಕೊಂಡೇ ಬನ್ನಿ.