ಮಳೆ ಬಂದಾಗ ರವಿ ಎಲ್ಲಿದ್ದ? ಕ್ರಿಯಾಪದದ ಅಭ್ಯಾಸಗಳನ್ನು ನಾನು ಹೀಗೆ ಮಾಡುತ್ತೇನೆ

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನಮ್ಮ ಮಕ್ಕಳ ಗೈಡುಗಳಲ್ಲಿ 'ಹನ್ನೆರಡು ಟೆನ್ಸ್' ಅಂತ ಒಂದು ಕೋಷ್ಟಕ ಇರುತ್ತದೆ. ಹನ್ನೆರಡನ್ನೂ ಬೇರೆ ಬೇರೆ ಅಂದುಕೊಂಡು ಬಾಯಿಪಾಠ ಮಾಡುತ್ತಾರೆ. ಅಲ್ಲಿ ನಿಜವಾಗಿ ಇರುವುದು ಎರಡು ಪ್ರಶ್ನೆಗಳು. ಕೆಲಸ ಯಾವಾಗಿನದು ಅನ್ನುವುದು ಟೆನ್ಸ್. ಆ ಹೊತ್ತಿನಲ್ಲಿ ಕೆಲಸ ಯಾವ ಸ್ಥಿತಿಯಲ್ಲಿ ಕಾಣುತ್ತಿದೆ, ನಡೆಯುತ್ತಿದೆಯೋ, ಆಗಿಹೋಗಿದೆಯೋ, ಸುಮ್ನೆ ಒಟ್ಟಾಗಿ ಹೇಳಿದ್ದೋ ಅನ್ನುವುದು ಆಸ್ಪೆಕ್ಟ್.

ಇದನ್ನು ವಿವರಿಸಲು ಒಂದೇ ವಾಕ್ಯ ಸಾಕು. 'ಮಳೆ ಶುರುವಾದಾಗ ರವಿ ಮನೆಗೆ ಹೋದ', 'ಹೋಗುತ್ತಿದ್ದ', 'ಹೋಗಿದ್ದ' ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ಪಕ್ಕದಲ್ಲಿ ಇಂಗ್ಲಿಷ್: ರವಿ ವೆಂಟ್ ಹೋಮ್, ವಾಸ್ ಗೋಯಿಂಗ್ ಹೋಮ್, ಹ್ಯಾಡ್ ಗಾನ್ ಹೋಮ್. ಆಮೇಲೆ ಕೇಳುವುದು ಒಂದೇ ಪ್ರಶ್ನೆ: ಮಳೆ ಶುರುವಾದ ಕ್ಷಣದಲ್ಲಿ ರವಿ ಎಲ್ಲಿದ್ದ? ಮೊದಲನೆಯದರಲ್ಲಿ ಇನ್ನೂ ಹೊರಟಿರಲಿಲ್ಲ, ಮಳೆ ಬಂತು ಅಂತಲೇ ಹೊರಟ. ಎರಡನೆಯದರಲ್ಲಿ ದಾರಿಯಲ್ಲಿದ್ದ. ಮೂರನೆಯದರಲ್ಲಿ ಆಗಲೇ ಹೊರಟುಹೋಗಿದ್ದ, ಬಹುಶಃ ಮನೆಯೊಳಗೆ ಬೆಚ್ಚಗಿದ್ದ. ಓದಲು ತಡವರಿಸುವ ಹುಡುಗನೂ ಇದಕ್ಕೆ ಉತ್ತರ ಹೇಳುತ್ತಾನೆ. ಮೂರೂ ಕಳೆದ ಕಾಲದವೇ. ಟೆನ್ಸ್ ಬದಲಾಗಲಿಲ್ಲ, ಕತೆ ಬದಲಾಯಿತು.

ಟೆನ್ಸ್ ಎಲ್ಲಿ ಅಡಗಿದೆ ಅಂತ ತೋರಿಸಲು ಅದೇ ರವಿಯನ್ನು ಈ ಹೊತ್ತಿಗೆ ತರುತ್ತೇನೆ. ವಾಸ್ ಗೋಯಿಂಗ್ ಹೋಗಿ ಈಸ್ ಗೋಯಿಂಗ್ ಆಗುತ್ತದೆ. ಹ್ಯಾಡ್ ಗಾನ್ ಹೋಗಿ ಹ್ಯಾಸ್ ಗಾನ್ ಆಗುತ್ತದೆ. ಬದಲಾಗಿದ್ದು ಮೊದಲ ಪದ ಮಾತ್ರ. ಕಾಲ ಅಲ್ಲಿದೆ. ಆಸ್ಪೆಕ್ಟ್ ತಿಳಿಯಬೇಕಾದರೆ ಆ ಪದ 'ಬಿ' ಗುಂಪಿನದೋ 'ಹ್ಯಾವ್' ಗುಂಪಿನದೋ, ಅದರ ನಂತರ ಬಂದ ಕ್ರಿಯಾಪದದ ರೂಪ ಯಾವುದು ಅಂತ ನೋಡಬೇಕು.

ಈಗ ಅಭ್ಯಾಸದ ವಿಷಯ. ಬಿಟ್ಟ ಸ್ಥಳ ತುಂಬಿಸಿ ಅಂತ ಕೊಟ್ಟು ಆವರಣದಲ್ಲಿ 'ಗೋ' ಅಂತ ಬರೆದರೆ, ಮಗು ಒಂದೇ ಗೆರೆಯ ಮೇಲೆ ಮೂರು ಕೆಲಸ ಮಾಡಬೇಕು: ಕಾಲ ನಿರ್ಧರಿಸುವುದು, ಸ್ಥಿತಿ ನಿರ್ಧರಿಸುವುದು, ರೂಪ ಬರೆಯುವುದು. ತಪ್ಪಾದರೆ ಎಲ್ಲಿ ತಪ್ಪಿತು ಅಂತ ನಮಗೆ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಬೇರೆ ಬೇರೆ ವಾಕ್ಯ ಕೊಡುವುದಿಲ್ಲ. ವಾಕ್ಯವೃಂದ ಎಲ್ಲರಿಗೂ ಒಂದೇ. ಮಗುವಿಗೆ ಎಷ್ಟು ನಿರ್ಧಾರ ಬಿಟ್ಟುಕೊಡುತ್ತೇನೆ ಅನ್ನುವುದಷ್ಟೇ ಬೇರೆ.

ಮೊದಲ ಹಾಳೆಯಲ್ಲಿ 'ವಾಸ್' ಅಚ್ಚಾಗಿಯೇ ಇರುತ್ತದೆ. ಪಕ್ಕದಲ್ಲಿ ದಾರಿಯಲ್ಲಿ ನಡೆಯುತ್ತಿರುವ ಹುಡುಗನ ಚಿತ್ರ. ಮಗು 'ಗೋಯಿಂಗ್' ಅಂತ ಬರೆದರೆ ಸಾಕು. ಎರಡನೆಯದರಲ್ಲಿ ಮೂರೂ ರೂಪ ಕೊಟ್ಟಿರುತ್ತೇನೆ. 'ಅವನ ಅಂಗಿ ನೆನೆದು ತೊಪ್ಪೆಯಾಯಿತು' ಅಂತ ಮುಂದಿನ ವಾಕ್ಯ ಸುಳಿವು ಕೊಡುತ್ತದೆ, ಅದನ್ನು ನೋಡಿ ಆರಿಸಬೇಕು. ಇಲ್ಲಿ 'ವೆಂಟ್' ಆರಿಸಿದವರೂ ಇರುತ್ತಾರೆ, ಮಳೆಯಲ್ಲಿ ಹೊರಟರೂ ನೆನೆಯುತ್ತಾನಲ್ವಾ? ಒಪ್ಪುತ್ತೇನೆ. ಒಂದೇ ಉತ್ತರ ಬೇಕಿದ್ದರೆ 'ಅವನಿಗೆ ಅರ್ಧ ದಾರಿಯಲ್ಲಿ ಮೊದಲ ಹನಿ ಬಿತ್ತು' ಅಂತ ಸುಳಿವನ್ನು ಬಿಗಿ ಮಾಡಬೇಕು. ಮೂರನೆಯ ಹಾಳೆಯಲ್ಲಿ ಖಾಲಿ ಗೆರೆ ಮಾತ್ರ. ಎರಡು ಬೇರೆ ಉತ್ತರ ಬರೆದು, ಪ್ರತಿಯೊಂದಕ್ಕೂ ರವಿ ಎಲ್ಲಿದ್ದ ಅಂತ ಹೇಳಬೇಕು. ಚುರುಕು ಮಕ್ಕಳಿಗೆ ಜಾಸ್ತಿ ವಾಕ್ಯ ಕೊಡುವುದಕ್ಕಿಂತ ಇದು ಮೇಲು.

ತಿದ್ದುವಾಗ ಅಂಚಿನಲ್ಲಿ ಒಂದಕ್ಷರ ಬರೆಯುತ್ತೇನೆ. 'ವಾಸ್ ಗೋ' ಅಂತ ಬರೆದರೆ ರೂಪದ ತಪ್ಪು, 'ರೂ'. ಕಳೆದ ಕಾಲದ ಕತೆಯಲ್ಲಿ 'ಈಸ್ ಗೋಯಿಂಗ್' ಬಂದರೆ 'ಕಾ'. ಅರ್ಧ ದಾರಿಯ ಸುಳಿವಿದ್ದೂ 'ಹ್ಯಾಡ್ ಗಾನ್' ಬಂದರೆ 'ಸ್ಥಿ'. ಒಬ್ಬ ಮಗುವಿನ ಹಾಳೆಯಲ್ಲಿ ಬರೀ 'ರೂ' ಇದ್ದರೆ ಅವನಿಗೆ ಅರ್ಥ ಆಗಿದೆ, ರೂಪಗಳ ರೂಢಿ ಸಾಲದು ಅಷ್ಟೆ. ಅವನಿಗೆ ಮತ್ತೆ ಮೊದಲಿನಿಂದ ವಿವರಿಸುವುದು ಹೊತ್ತು ಹಾಳು.

ಕನ್ನಡದ ಆಸರೆ ಎಲ್ಲ ಕಡೆ ನಡೆಯುವುದಿಲ್ಲ. 'ನಿನ್ನೆನೇ ಕೊಟ್ಟಿದ್ದೀನಿ' ಅನ್ನುವುದು ನಮಗೆ ಸಹಜ. ಅದನ್ನೇ 'ಐ ಹ್ಯಾವ್ ಗಿವನ್ ಇಟ್ ಯೆಸ್ಟರ್‌ಡೇ' ಅಂದರೆ ತಪ್ಪು. ಹ್ಯಾವ್, ಹ್ಯಾಸ್ ಇದ್ದಲ್ಲಿ ಕಾಲ ಈಗಿನದು, ಮುಗಿದುಹೋದ ನಿನ್ನೆಯ ಜೊತೆ ಅದು ಸೇರುವುದಿಲ್ಲ. 'ಐ ಗೇವ್ ಇಟ್ ಯೆಸ್ಟರ್‌ಡೇ' ಅನ್ನಬೇಕು. 'ಐದು ವರ್ಷದಿಂದ ಇಲ್ಲೇ ಇದ್ದೀನಿ' ಅನ್ನುವುದು ಇದರ ತಿರುವುಮುರುವು. ಕನ್ನಡದಲ್ಲಿ ಬರೀ 'ಇದ್ದೀನಿ' ಸಾಕು, ಇಂಗ್ಲಿಷಿನಲ್ಲಿ 'ಐ ಹ್ಯಾವ್ ಬೀನ್ ಹಿಯರ್' ಬೇಕು. ಈ ಎರಡು ಬಗೆಯ ವಾಕ್ಯಗಳನ್ನು ರವಿಯ ಹಾಳೆಗಳಲ್ಲಿ ಬೆರೆಸುವುದಿಲ್ಲ. ಮೂರು ರೂಪಗಳು ಕೈಗೆ ಹತ್ತಿದ ಮೇಲೆ, ಬೇರೆ ದಿನ, ಬೇರೆ ಹಾಳೆಯಲ್ಲಿ ಕೊಡುತ್ತೇನೆ.