ಮಳೆಗಾಲದಲ್ಲಿ ಬೆಳೆಸಿದ ಮೈಲುತುತ್ತದ ಹರಳು: ನನ್ನ ಅನುಭವ

ಭರಣಿಯಿಂದ ಎತ್ತಿದ ಹರಳು ತಕ್ಕಡಿಯಲ್ಲಿ 180 ಗ್ರಾಂ ತೂಗಿತು. ಒಂದೇ ಹರಳು, ಓರೆಯಾದ ಇಟ್ಟಿಗೆಯ ಆಕಾರ, ಮೂಲೆಗಳು ಚೂಪು. ಒಳಗೆ ಬಿಳಿ ಪೊರೆ ಇಲ್ಲ. ಟಾರ್ಚ್ ಹಿಡಿದರೆ ಬೆಳಕು ನೀಲಿಯಾಗಿ ಆಚೆ ಹೊರಡುತ್ತದೆ. ಜುಲೈ ತಿಂಗಳಲ್ಲಿ, ಶಿರಸಿಯ ಮಳೆಯಲ್ಲಿ, ಬಟ್ಟೆ ಒಣಗದ ದಿನಗಳಲ್ಲಿ ಬೆಳೆಸಿದ್ದು. ಅಂಗಡಿಯಲ್ಲಿ ತೋಟದ ಔಷಧಿಗೆಂದು ಮಾರುವ ಮೈಲುತುತ್ತದಿಂದ, ಅಂದರೆ ತಾಮ್ರದ ಸಲ್ಫೇಟಿನಿಂದ, ಇಷ್ಟು ಶುದ್ಧವಾದ ದೊಡ್ಡ ಹರಳು ತೆಗೆದವರನ್ನು ನಾನಂತೂ ನಮ್ಮ ಸುತ್ತಮುತ್ತ ನೋಡಿಲ್ಲ.

ಇದು ಆಗದ ಕೆಲಸ ಎಂದವರಲ್ಲಿ ಮೊದಲಿಗರು ನಮ್ಮ ಭಾವ. ಅವರದು ಗೋಕರ್ಣದ ಕಡೆ ಊರು, ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ನೋಡುತ್ತಲೇ ಬೆಳೆದವರು. "ಮಳೆಗಾಲದಲ್ಲಿ ಉಪ್ಪು ಆಗ್ತಿಲ್ಲೆ ತಮಾ, ಬಿಸಿಲು ಬೇಕು" ಎಂದರು. ಅವರ ಉಪ್ಪಿನ ಮಟ್ಟಿಗೆ ಆ ಮಾತು ಸರಿ. ನಾನೂ ಹಿಂದಿನ ವರ್ಷ ತಟ್ಟೆಯಲ್ಲಿ ದ್ರಾವಣ ಇಟ್ಟು ನೀರು ಆರಲಿ ಎಂದು ಕಾದಿದ್ದೆ. ಮೂರು ವಾರವಾದರೂ ನೀರಿನ ಮಟ್ಟ ಇಳಿದಂತೆ ಕಾಣಲಿಲ್ಲ. ಗಾಳಿಯೇ ಅಷ್ಟು ಒದ್ದೆಯಾಗಿರುವಾಗ ನೀರು ಹೋಗುವುದಾದರೂ ಎಲ್ಲಿಗೆ? ಆದರೆ ಮೈಲುತುತ್ತಕ್ಕೂ ಊಟದ ಉಪ್ಪಿಗೂ ದೊಡ್ಡ ವ್ಯತ್ಯಾಸವಿದೆ. ಅದನ್ನು ಭಾವನಿಗೆ ಕಣ್ಣಾರೆ ತೋರಿಸಲೆಂದೇ ಸಾಣಿಕಟ್ಟೆಯ ಉಪ್ಪನ್ನು ಕುದಿಯುವ ನೀರಿಗೆ ಕರಗುವಷ್ಟು ಹಾಕಿ, ಸೋಸಿ, ಆರಲು ಬಿಟ್ಟೆ. ಬೆಳಿಗ್ಗೆ ತಳದಲ್ಲಿ ಒಂದು ಚಿಟಿಕೆಯಷ್ಟು ಪುಡಿ, ಅಷ್ಟೇ. ಕುದಿಯುವ ನೀರು 100 ಮಿಲಿಗೆ 39 ಗ್ರಾಂ ಉಪ್ಪು ಹಿಡಿದರೆ ತಣ್ಣೀರೂ 36 ಗ್ರಾಂ ಹಿಡಿಯುತ್ತದೆ. ತಣಿಸಿ ಗಳಿಸುವುದು ಏನೂ ಇಲ್ಲ. ಮೈಲುತುತ್ತ ಹಾಗಲ್ಲ. ನನ್ನ ನೆನಪಿನಲ್ಲಿರುವ ಲೆಕ್ಕ: 40 ಡಿಗ್ರಿಯಲ್ಲಿ 100 ಮಿಲಿಗೆ 44-45 ಗ್ರಾಂ, 28 ಡಿಗ್ರಿಯಲ್ಲಿ 36-37 ಗ್ರಾಂ. ಬರೀ 12 ಡಿಗ್ರಿ ಇಳಿಸಿದರೆ ಪ್ರತಿ 100 ಮಿಲಿಗೆ ಸುಮಾರು 8 ಗ್ರಾಂ ಹೊರಗೆ ಬರಲೇಬೇಕು. ಮೂರು ಲೀಟರಿಗೆ 240 ಗ್ರಾಂ. ಬಿಸಿಲಿನ ಹಂಗೇ ಇಲ್ಲ. ಆ 240 ಗ್ರಾಂ ಒಂದೇ ಹರಳಿನ ಮೇಲೆ ಕೂರಬೇಕು, ಕಷ್ಟವಿರುವುದು ಅಲ್ಲಿ.

ಮೊದಲ ನಾಲ್ಕು ಸಲವೂ ಸೋತೆ. ಮೊದಲನೆಯದರಲ್ಲಿ ಬೀಜದ ಹರಳನ್ನು, ಅಂದರೆ ದೊಡ್ಡದು ಬೆಳೆಯಲೆಂದು ಮೊದಲಿಗೆ ಇಳಿಬಿಡುವ ಪುಟ್ಟ ಹರಳನ್ನು, ತೆಳು ಕಬ್ಬಿಣದ ತಂತಿಗೆ ಕಟ್ಟಿದ್ದೆ. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣದಲ್ಲಿ ಕತ್ತಿ ಅದ್ದಿ ಕೆಂಪಗಾಗುತ್ತದೆಯೇ ಎಂದು ನೋಡುವ ನಾನೇ ಅದನ್ನು ಮರೆತದ್ದು ದೊಡ್ಡ ತಪ್ಪು. ತಂತಿಯ ಮೇಲೆ ತಾಮ್ರ ಕೂತಿತು, ಕಬ್ಬಿಣ ಕರಗಿತು, ಎರಡನೇ ದಿನ ಬೀಜ ತಳಕ್ಕೆ ಬಿತ್ತು. ಎರಡನೆಯ ಸಲ ಹತ್ತಿಯ ದಾರ. ಅದರ ಒಂದೊಂದು ಎಳೆಗೂ ಹರಳು ಅಂಟಿ ಜೋಳದ ತೆನೆಯಂತಾಯಿತು. ಆಮೇಲೆ ಕಾರವಾರದ ಬಂದರಿನ ಹತ್ತಿರ ಮೀನಿನ ಗಾಳದ ಅತಿ ತೆಳುವಾದ ನೈಲಾನ್ ನೂಲು ತಂದೆ. ನುಣುಪಾದ ನೂಲಿನ ಮೇಲೆ ಹರಳು ಹುಟ್ಟುವುದಿಲ್ಲ. ಇವತ್ತಿಗೂ ಅದೇ ನೂಲು.

ಮೂರನೆಯ ಮತ್ತು ನಾಲ್ಕನೆಯ ಸೋಲು ನಿಜವಾಗಿ ನೋವು ಕೊಟ್ಟವು. ನೂಲು ಸರಿ, ಬೀಜ ಸರಿ, ದ್ರಾವಣ ಕನ್ನಡಿಯಂತೆ ತಿಳಿ. ಮೀನು ತುಂಬುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಭರಣಿ ಇಟ್ಟು ಮುಚ್ಚಿ, ನಿಧಾನ ಆರಲಿ ಎಂದು ಬಿಟ್ಟೆ. ಬೆಳಿಗ್ಗೆ ನೋಡಿದರೆ ತಳದ ತುಂಬ ಸಕ್ಕರೆಯಂಥ ನೀಲಿ ಪುಡಿ, ಬೀಜ ಮಾತ್ರ ಹೆಚ್ಚುಕಮ್ಮಿ ಇದ್ದಷ್ಟೇ. ಎರಡೂ ಸಲ ಹೀಗೇ.

ನಾಲ್ಕನೆಯ ಸಲ ಗಂಟೆಗೊಮ್ಮೆ ಉಷ್ಣತೆ ಬರೆದಿಟ್ಟಿದ್ದೆ. ಆ ಪಟ್ಟಿ ನೋಡುತ್ತ ಕೂತಾಗ ವಿಷಯ ಹೊಳೆಯಿತು. ಮುಚ್ಚಿಟ್ಟ ಬಿಸಿ ಪಾತ್ರೆ ಮೊದಲ ಕೆಲವು ಗಂಟೆಗಳಲ್ಲೇ ಬೇಗ ಆರುತ್ತದೆ, ಕೊನೆಗೆ ತೀರಾ ನಿಧಾನ. ನನ್ನ ಬೀಜ ಮೊದಲ ದಿನ ಹೆಸರುಕಾಳಿನಷ್ಟು. ಅಷ್ಟು ಚಿಕ್ಕ ಮೈಯ ಮೇಲೆ ಗಂಟೆಗೆ ಎಷ್ಟು ಮೈಲುತುತ್ತ ತಾನೇ ಕೂರಲು ಸಾಧ್ಯ? ದ್ರಾವಣ ಸರಸರ ಆರಿದಂತೆ ಅದರಲ್ಲಿ ಹೆಚ್ಚುವರಿ ಸಂಗ್ರಹವಾಗುತ್ತ ಹೋಗುತ್ತದೆ, ಅತಿಪರ್ಯಾಪ್ತ ಆಗುತ್ತದೆ. ಸ್ವಲ್ಪ ದೂರದವರೆಗೆ ಅದು ತಾಳಿಕೊಳ್ಳುತ್ತದೆ. ನನ್ನ ಭರಣಿಯಲ್ಲಿ ಬೀಜ ಹಾಕದೆ ಅಲುಗಾಡಿಸದೆ ಇಟ್ಟರೆ ಐದಾರು ಡಿಗ್ರಿ ಕೆಳಗಿಳಿದರೂ ಏನೂ ಹುಟ್ಟುವುದಿಲ್ಲ. ಬೀಜ ಇಳಿಬಿಟ್ಟ ಮೇಲೆ ಎರಡು ಡಿಗ್ರಿ ದಾಟಿದರೆ ನನಗೆ ಭಯ. ಆ ಗಡಿ ದಾಟಿದ ಕೂಡಲೇ ಎಲ್ಲೆಂದರಲ್ಲಿ ಹೊಸ ಹರಳುಗಳು ಹುಟ್ಟುತ್ತವೆ. ಬೀಜಕ್ಕೆ ಸೇರಬೇಕಾದದ್ದನ್ನು ಸಾವಿರಾರು ಪುಡಿಗಳು ಹಂಚಿಕೊಳ್ಳುತ್ತವೆ. ಕೊನೆಯ ದಿನಗಳಲ್ಲಿ ಹರಳು ದೊಡ್ಡದಾಗಿ ಅದರ ಮೈ ವಿಸ್ತಾರವಾದಾಗ ಬೇಗ ಆರಿಸಬಹುದಿತ್ತು, ಆಗ ಪೆಟ್ಟಿಗೆ ಆರುತ್ತಲೇ ಇರಲಿಲ್ಲ. ಒಟ್ಟಿನಲ್ಲಿ ತಾನಾಗಿ ಆರುವ ಕ್ರಮವೇ ತಲೆಕೆಳಗು.

ಬೇಕಾದದ್ದು ಇದಕ್ಕೆ ಪೂರ್ತಿ ಉಲ್ಟಾ. ಹರಳಿನ ಪ್ರತಿ ಮುಖ ದಿನಕ್ಕೆ ಒಂದೇ ಸಮ ದಪ್ಪವಾಗುತ್ತ ಹೋದರೆ ತೂಕ ದಿನದ ಘನದಂತೆ ಏರುತ್ತದೆ. ಉಷ್ಣತೆಯೂ ಅದೇ ಲೆಕ್ಕದಲ್ಲಿ ಇಳಿಯಬೇಕು. ಹನ್ನೆರಡು ದಿನದಲ್ಲಿ 12 ಡಿಗ್ರಿ ಇಳಿಸುವುದಾದರೆ ಮೊದಲ ಆರು ದಿನಕ್ಕೆ ಒಂದೂವರೆ ಡಿಗ್ರಿ ಮಾತ್ರ. ಒಂಬತ್ತನೇ ದಿನಕ್ಕೆ ಐದು. ಉಳಿದ ಏಳು ಡಿಗ್ರಿ ಕೊನೆಯ ಮೂರು ದಿನದಲ್ಲಿ. ಇದನ್ನು ಕೇಳಿದ ಕಾಲೇಜಿನ ಮೇಷ್ಟ್ರೊಬ್ಬರು "ಆರು ದಿನ ಒಂದೂವರೆ ಡಿಗ್ರಿಯಲ್ಲಿ ಹಿಡಿಯೋದು ಮನೆಯಲ್ಲಿ ಆಗೋ ಮಾತಲ್ಲ ಮಾರಾಯ್ರೇ" ಎಂದರು.

ಹಿಡಿದೆ. ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗಳಿಗೆ ಹಾಕುವ ಥರ್ಮೋಸ್ಟಾಟ್ 200 ರೂಪಾಯಿ ಚಿಲ್ಲರೆಗೆ ಸಿಗುತ್ತದೆ. ಅದು ಉಷ್ಣತೆ ನೋಡಿ ಹತ್ತಿಸಿ ಆರಿಸಲೆಂದು, ಕಾವಿಗೆ 40 ವಾಟಿನ ಬಲ್ಬನ್ನು ತಗಡಿನ ಡಬ್ಬಿಯೊಳಗೆ, ಥರ್ಮೋಕೋಲಿಗೆ ತಾಗದಂತೆ ಇಟ್ಟೆ. ಮೊದಲ ಪ್ರಯೋಗದಲ್ಲಿ ಬಲ್ಬು ಹತ್ತಿ ಆರಿದಂತೆಲ್ಲ ಹರಳು ಒಮ್ಮೆ ಕರಗಿ ಒಮ್ಮೆ ಬೆಳೆದು, ಒಳಗೆ ಪದರ ಪದರವಾಗಿ ಬಿಳಿ ಪೊರೆ ಬಂತು. ಒಂದು ರಾತ್ರಿ ಕರೆಂಟು ಹೋದಾಗ ತಳದಲ್ಲಿ ಮತ್ತೆ ಪುಡಿ. ಎರಡಕ್ಕೂ ಒಂದೇ ಪರಿಹಾರ ಸಿಕ್ಕಿತು, ನೀರು. ಭರಣಿಯನ್ನು 20 ಲೀಟರ್ ನೀರಿರುವ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಕೂರಿಸಿ, ಥರ್ಮೋಸ್ಟಾಟಿನ ತುದಿಯನ್ನು ಆ ನೀರಿಗೆ ಇಳಿಬಿಟ್ಟೆ. ಅಷ್ಟು ನೀರು ಥಟ್ಟನೆ ಬಿಸಿಯೂ ಆಗುವುದಿಲ್ಲ, ತಣ್ಣಗೂ ಆಗುವುದಿಲ್ಲ. ಎರಡು ಗಂಟೆ ಕರೆಂಟು ಹೋದರೂ ಭರಣಿಗೆ ಗೊತ್ತೇ ಆಗಲಿಲ್ಲ.

ಗೆದ್ದ ಸಲದ ಕ್ರಮ ಹೀಗಿತ್ತು. ಮೂರು ಲೀಟರ್ ಮಳೆನೀರು, ಹೆಂಚೆಲ್ಲ ಚೆನ್ನಾಗಿ ತೊಳೆದುಹೋದ ಮೇಲೆ ಹಿಡಿದದ್ದು. ಬಾವಿ ನೀರಿನಲ್ಲಿ ಮಾಡಿದರೆ ತಿಳಿನೀಲಿ ಗಸಿ ಬರುತ್ತದೆ. ಕೆಲವು ಹನಿ ಬ್ಯಾಟರಿ ಆಸಿಡ್ ಬಿಟ್ಟರೆ ಅದು ಕರಗುತ್ತದೆ, ಆದರೂ ಮಳೆನೀರಿಗೆ ಸಮವಲ್ಲ. ಅಂಗಡಿ ಮೈಲುತುತ್ತವನ್ನು ಮೊದಲೇ ಒಂದು ಸಲ ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಬೇಗನೆ ಆರಿಸಿ ಪುಡಿಹರಳು ತೆಗೆದುಕೊಂಡಿದ್ದೆ. ಹಸಿರು ಛಾಯೆ ಕೊಡುವ ಕಬ್ಬಿಣದ ಅಂಶ ಬಹುಪಾಲು ಮೇಲಿನ ನೀರಿನಲ್ಲೇ ಉಳಿಯುತ್ತದೆ. ಆ ಪುಡಿ 1,340 ಗ್ರಾಂ ಹಾಕಿ 50 ಡಿಗ್ರಿಯವರೆಗೆ ಕಾಯಿಸಿ ಒಂದು ಗಂಟೆ ಹಾಗೇ ಇಟ್ಟೆ. ಕಣ್ಣಿಗೆ ಕಾಣದ ಹರಳಿನ ಚೂರುಗಳು ಉಳಿದಿದ್ದರೆ ಅವೇ ಆಮೇಲೆ ಬೇಡದ ಬೀಜಗಳಾಗುತ್ತವೆ, ಅವು ಪೂರ್ತಿ ಕರಗಬೇಕು. ಬಿಸಿಯಿರುವಾಗಲೇ ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ ಗಾಜಿನ ಭರಣಿಗೆ.

ಬೀಜವನ್ನು ಆರಿಸಿದ್ದು ತಟ್ಟೆಯಲ್ಲಿ ಎರಡು ದಿನ ಬಿಟ್ಟು ಬೆಳೆಸಿದ ಇಪ್ಪತ್ತು ಮೂವತ್ತರಲ್ಲಿ. ಜೋಡಿ ಹರಳು, ಒಳಗೆ ಮೋಡವಿರುವ ಹರಳು ಬೇಡ. ಬೀಜದ ದೋಷ ಹರಳಿಗೆ ಬಂದೇ ಬರುತ್ತದೆ. ಅಷ್ಟು ಚಿಕ್ಕ ಬೀಜಕ್ಕೆ ಜಾರದಂತೆ ನೈಲಾನ್ ಗಂಟು ಹಾಕುವುದನ್ನು ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು, ಆ ಗಂಟನ್ನು ನಾನು ಇಲ್ಲಿ ಬಿಡಿಸುವುದಿಲ್ಲ.

ಬೀಜ ಇಳಿಸಿದ್ದು 41 ಡಿಗ್ರಿಯಲ್ಲಿ. ತಣ್ಣನೆಯ ಬೀಜ ಇಳಿಸಿದರೆ ಅದರ ಸುತ್ತಲೇ ಪುಡಿ ಹುಟ್ಟುತ್ತದೆ, ಹಾಗಾಗಿ ಅದನ್ನು ಮೊದಲು ಭರಣಿಯ ಬಾಯಲ್ಲಿ ತೂಗುಬಿಟ್ಟು ಬೆಚ್ಚಗೆ ಮಾಡಿಕೊಂಡೆ. ಆಮೇಲೆ ಹಿಂದಿನಿಂದ ಟಾರ್ಚ್ ಹಿಡಿದು ಕಣ್ಣಿಟ್ಟು ನೋಡಬೇಕು. ಬೀಜದಿಂದ ಸಕ್ಕರೆ ಪಾಕದ ಎಳೆಯಂಥ ಗೆರೆ ಕೆಳಗೆ ಇಳಿಯುತ್ತಿದ್ದರೆ ಅದು ಕರಗುತ್ತಿದೆ ಎಂದರ್ಥ, ಕರಗಿದ ಭಾರದ ನೀರು ತಳಕ್ಕೆ ಹೋಗುತ್ತದೆ. ಗೆರೆ ಮೇಲಕ್ಕೆ ಏಳುತ್ತಿದ್ದರೆ ಹರಳು ಬೆಳೆಯುತ್ತಿದೆ, ಮೈಲುತುತ್ತ ಕಳೆದುಕೊಂಡ ಹಗುರ ನೀರು ಏಳುತ್ತದೆ. ಥರ್ಮಾಮೀಟರಿಗಿಂತ ನಾನು ಈ ಗೆರೆಯನ್ನು ನಂಬುತ್ತೇನೆ. ಮೊದಲ ಹತ್ತು ನಿಮಿಷ ಕೆಳಗಿಳಿಯಲು ಬಿಟ್ಟೆ, ಬೀಜದ ಮೈಯ ಧೂಳು, ಮುರಿದ ಅಂಚು ಎಲ್ಲ ತೊಳೆದುಹೋದವು. ನಂತರ ಅರ್ಧರ್ಧ ಡಿಗ್ರಿ ಇಳಿಸಿದೆ. 40ರ ಹತ್ತಿರ ಗೆರೆ ನಿಂತಿತು, ಸ್ವಲ್ಪ ಕೆಳಗೆ ಬಂದಾಗ ಮೇಲಕ್ಕೆ ತಿರುಗಿತು. ಅಲ್ಲಿಂದ ಹನ್ನೆರಡು ದಿನದ ಲೆಕ್ಕ ಶುರು.

ಆರನೇ ದಿನ ಹರಳು ದೊಡ್ಡ ಅಡಿಕೆಯಷ್ಟು. ಒಂಬತ್ತನೇ ದಿನದಿಂದ ದಿನಕ್ಕೆ ನಾಲ್ಕಾರು ಸಲ ಥರ್ಮೋಸ್ಟಾಟ್ ಇಳಿಸುತ್ತಿದ್ದೆ. ಹತ್ತನೇ ದಿನ ಮನೆಯವರು ಪೆಟ್ಟಿಗೆ ಸ್ವಲ್ಪ ಸರಿಸಿದ್ದಕ್ಕೇ ತಳದಲ್ಲಿ ಪುಡಿ ಕಾಣಿಸಿತು. 240ರಲ್ಲಿ 50-60 ಗ್ರಾಂ ಹೋದದ್ದು ಅಲ್ಲಿ.

ನಡುವೆ ಪಟಿಕದಲ್ಲೂ ಮಾಡಿ ನೋಡಿದೆ. ಎಂಟು ಮುಖದ ಚಂದದ ಹರಳು ಬಂತು, ಮೈಲುತುತ್ತಕ್ಕಿಂತ ಸುಲಭ. ಆದರೆ ಅದನ್ನು ಕೊಳ್ಳುವವರು ನನಗೆ ಸಿಗಲಿಲ್ಲ.

ಹಣದ ಮಾತು. ಮೈಲುತುತ್ತ ಆಗ ಕಿಲೋಗೆ 250ರ ಆಸುಪಾಸು. ಭರಣಿ, ಥರ್ಮೋಸ್ಟಾಟ್, ನೂಲು, ಹಾಳಾದ ಸರಕು ಎಲ್ಲ ಸೇರಿ 4,000 ರೂಪಾಯಿ ಕೈಬಿಟ್ಟಿತ್ತು. ಹರಳು ತೆಗೆದು ಉಳಿದ ದ್ರಾವಣ ಒಂದು ಹನಿಯೂ ವ್ಯರ್ಥವಲ್ಲ, ಅದರಲ್ಲಿರುವ ಮೈಲುತುತ್ತದ ಲೆಕ್ಕ ಹಿಡಿದು ಸುಣ್ಣ ಸೇರಿಸಿ ಅಡಿಕೆಯ ಕೊಳೆರೋಗದ ಔಷಧಿಗೆ ಹಾಕಿದೆ. ಹಳ್ಳಕ್ಕೆ ಚೆಲ್ಲಿದರೆ ಮೀನು ಸಾಯುತ್ತದೆ. ಹರಳುಗಳನ್ನು ಶಾಲೆ ಕಾಲೇಜಿನ ಪ್ರಯೋಗಾಲಯಗಳಿಗೆ 500-600 ರೂಪಾಯಿಯಂತೆ ಕೊಟ್ಟೆ. ಬಯಲುಸೀಮೆಯ ಒಂದು ಊರಿಗೆ ಕಳಿಸಿದ ಆರು ಹರಳು ಮಾತ್ರ ದೊಡ್ಡ ನಷ್ಟ. ಏಪ್ರಿಲ್‌ನ ಒಣ ಗಾಳಿಯಲ್ಲಿ ಅವುಗಳ ಒಳಗಿನ ನೀರು ಹೋಗಿ ಮೈ ಬೆಳ್ಳಗೆ ಸುಣ್ಣ ಬಳಿದಂತಾಯಿತು. ಅವರು ದುಡ್ಡು ಕೊಡಲಿಲ್ಲ, ಹರಳನ್ನೂ ತಿರುಗಿ ಕಳಿಸಲಿಲ್ಲ. ಶಿರಸಿಯ ತೇವದಲ್ಲಿ ಹೊಳೆಯುವ ಹರಳು ಅಲ್ಲಿ ಉಳಿಯಬೇಕಾದರೆ ಮೇಲೆ ಲೇಪ ಬೇಕೇಬೇಕು. ಉಗುರಿಗೆ ಹಚ್ಚುವ ಬಣ್ಣವಿಲ್ಲದ ಪಾಲಿಶ್ ಸಾಕಾಗುತ್ತದೆ. ನಾನು ಈಗ ಬಳಸುವುದು ಅದಕ್ಕಿಂತ ಗಟ್ಟಿ, ಅದು ನನ್ನಲ್ಲೇ ಇರಲಿ.

ಈ 180 ಗ್ರಾಂ ಹರಳನ್ನು ಮಾರುವುದಿಲ್ಲ. ಗಣೇಶ ಚೌತಿಗೆ ಬಂದ ಭಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ನಂತರ ಭರಣಿ ಎಷ್ಟಕ್ಕೆ ಸಿಕ್ಕಿತು ಎಂದು ಕೇಳಿದರು. ಈಗ ಪೆಟ್ಟಿಗೆಯಲ್ಲಿ ಎರಡು ಭರಣಿ ಇವೆ, ಇವತ್ತಿಗೆ ನಾಲ್ಕನೇ ದಿನ, 39.6 ಡಿಗ್ರಿ. ಎರಡರಲ್ಲೂ ಗೆರೆ ಮೇಲಕ್ಕೇ ಏಳುತ್ತಿದೆ.